ಹೊಸ ಲ್ಯಾಪ್‌ಟಾಪ್ ಸುಂಕವಿಲ್ಲದೆ ಬಂತು, ಹಳೆಯದಕ್ಕೆ ಸುಂಕ ಬಿತ್ತು

ಪ್ರಶ್ನೆ: 2025ರ ನವೆಂಬರ್ ಮೊದಲ ವಾರ ನಾನು, ನನ್ನ ಗಂಡ, 9 ವರ್ಷದ ಮಗಳು ಸಿಂಗಪುರ ನೋಡಿಕೊಂಡು ಬೆಂಗಳೂರಿಗೆ ವಾಪಸ್ ಬಂದೆವು. ನನ್ನ ಬ್ಯಾಗಿನಲ್ಲಿ ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲೇ ಕೊಂಡ ನನ್ನ ಹಳೆ ಲ್ಯಾಪ್‌ಟಾಪ್ ಇತ್ತು. ಜೊತೆಗೆ ತಮ್ಮನಿಗೆಂದು ತಂದ 1,10,000 ರೂಪಾಯಿಯ ಹೊಸ ಲ್ಯಾಪ್‌ಟಾಪ್, ಅತ್ತಿಗೆಗೆ 62,000ದ ಫೋನ್, ಅಪ್ಪನಿಗೆ 24,000ದ ವಾಚ್, ಸೆಂಟು, ಚಾಕೊಲೇಟ್ ಎಲ್ಲಾ ಸೇರಿ 9,000. ನಾವೇ ರೆಡ್ ಚಾನೆಲ್‌ಗೆ ಹೋಗಿ ಹೊಸ ಸಾಮಾನಿನ ಬಿಲ್ಲುಗಳನ್ನೆಲ್ಲ ತೋರಿಸಿದೆವು. 28,875 ರೂಪಾಯಿ ಕಟ್ಟಿಸಿಕೊಂಡರು. ರಸೀದಿ ನೋಡಿದರೆ ಏನೂ ಅರ್ಥವಾಗುತ್ತಿಲ್ಲ. ಒಂದು ಲ್ಯಾಪ್‌ಟಾಪ್ ಫ್ರೀ ಅಂತಾರಲ್ಲ, ಮತ್ತೆ ಲ್ಯಾಪ್‌ಟಾಪ್‌ಗೆ ಯಾಕೆ ಸುಂಕ? ಉಡುಗೊರೆಗೂ ಸುಂಕ ಇದೆಯಾ? ತಲೆಗೆ 50,000 ಅಂದರೆ ಮೂರು ಜನಕ್ಕೆ ಒಂದೂವರೆ ಲಕ್ಷ ಬಿಡಬೇಕಿತ್ತಲ್ವಾ?

ಉತ್ತರ: ರಸೀದಿ ಅರ್ಥವಾಗದಿದ್ದರೂ ಪರವಾಗಿಲ್ಲ, ನೀವು ಕಟ್ಟಿದ ಮೊತ್ತವೇ ಸಾಕು. ಕ್ಯಾಲ್ಕುಲೇಟರ್ ತೆಗೆದುಕೊಂಡು 28,875 ಅನ್ನು 0.385ರಿಂದ ಭಾಗಿಸಿ. ಸರಿಯಾಗಿ 75,000 ಬರುತ್ತದೆ. ಎಷ್ಟು ಮೌಲ್ಯದ ಮೇಲೆ ನಿಮಗೆ ಸುಂಕ ಹಾಕಿದ್ದಾರೆ ಅನ್ನೋದು ಅಲ್ಲೇ ಸಿಕ್ಕಿತು.

ಈ 0.385 ಎಲ್ಲಿಂದ ಬಂತು ಅಂದರೆ, ಪ್ರಯಾಣಿಕರ ಬ್ಯಾಗೇಜಿಗೆ ಮೂಲ ಸುಂಕ ನೂರಕ್ಕೆ 35. ಆ ಸುಂಕದ ಮೇಲೆ ಮತ್ತೆ ನೂರಕ್ಕೆ 10 ಸಮಾಜ ಕಲ್ಯಾಣ ಸರ್‌ಚಾರ್ಜ್. ಅಂದರೆ ಮೂರೂವರೆ. ಎರಡೂ ಸೇರಿ ನೂರಕ್ಕೆ 38.5. ವಾಚಿಗೊಂದು ದರ, ಫೋನಿಗೊಂದು ದರ ಅಂತೇನಿಲ್ಲ. ಬ್ಯಾಗೇಜಿನಲ್ಲಿ ಬಂದ ಸಾಮಾನ್ಯ ವಸ್ತುಗಳಿಗೆಲ್ಲ ಇದೊಂದೇ ದರ. ಹಾಗಾಗಿಯೇ ಕೊನೆಯ ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಲು ಆಗುತ್ತದೆ.

ಇನ್ನೊಂದು ಹೆಜ್ಜೆ ಹಿಂದೆ ಹೋಗೋಣ. 75,000 ಅನ್ನೋದು ವಿನಾಯಿತಿ ಕಳೆದ ಮೇಲೆ ಉಳಿದದ್ದು. ನೀವು ಬಂದಾಗ ಜಾರಿಯಲ್ಲಿದ್ದದ್ದು 2016ರ ಬ್ಯಾಗೇಜ್ ನಿಯಮಗಳು. ಅದರ ಪ್ರಕಾರ ನಿಮಗೆ ಸಿಗುತ್ತಿದ್ದ ಸಾಮಾನ್ಯ ವಿನಾಯಿತಿ 50,000. ಅಂದರೆ ಅಧಿಕಾರಿ ನಿಮ್ಮ ಸಾಮಾನಿಗೆ ಒಟ್ಟು 1,25,000 ಬೆಲೆ ಕಟ್ಟಿದ್ದಾರೆ. ಈಗ ನಿಮ್ಮ ಪಟ್ಟಿ ನೋಡಿ. ಫೋನ್ 62,000, ವಾಚ್ 24,000, ಸೆಂಟು ಚಾಕೊಲೇಟ್ 9,000. ಕೂಡಿದರೆ 95,000. ಇನ್ನೂ 30,000 ಎಲ್ಲಿಯದು? ತಮ್ಮನ ಲ್ಯಾಪ್‌ಟಾಪ್ ಅಂತೂ ಅಲ್ಲ, ಅದರ ಬೆಲೆಯೇ 1,10,000. ಆ 30,000 ನಿಮ್ಮ ಹಳೆ ಲ್ಯಾಪ್‌ಟಾಪಿನದು.

ಅಂದರೆ ನೀವು ಅಂದುಕೊಂಡದ್ದಕ್ಕೂ ಆದದ್ದಕ್ಕೂ ಸಂಬಂಧವೇ ಇಲ್ಲ. ಹೊಸ ಲ್ಯಾಪ್‌ಟಾಪಿಗೆ ಒಂದು ಪೈಸೆ ಸುಂಕ ಬಿದ್ದಿಲ್ಲ. ‘ಒಂದು ಲ್ಯಾಪ್‌ಟಾಪ್ ಫ್ರೀ’ ಅನ್ನೋ ಸವಲತ್ತನ್ನು ಅಧಿಕಾರಿ ಅದಕ್ಕೆ ಕೊಟ್ಟಿದ್ದಾರೆ. ಬೆಂಗಳೂರಿನಲ್ಲೇ ಜಿಎಸ್‌ಟಿ ಕೊಟ್ಟು ಕೊಂಡು, ಸಿಂಗಪುರಕ್ಕೆ ಹೊತ್ತುಕೊಂಡು ಹೋಗಿ, ವಾಪಸ್ ಹೊತ್ತು ತಂದ ಹಳೆಯದು ‘ಎರಡನೇ ಲ್ಯಾಪ್‌ಟಾಪ್’ ಆಗಿ ಉಡುಗೊರೆಗಳ ಲೆಕ್ಕಕ್ಕೆ ಸೇರಿಬಿಟ್ಟಿದೆ.

ಬೇಜಾರು ಮಾಡಿಕೊಳ್ಳುವ ಮುಂಚೆ ಒಂದು ಮಾತು. ಎರಡರಲ್ಲಿ ದುಬಾರಿಯದನ್ನು ಫ್ರೀ ಮಾಡಿದ್ದು ನಿಮಗೆ ಲಾಭವೇ. ಅವರು ಉಲ್ಟಾ ಮಾಡಿ, ಹಳೆಯದನ್ನು ‘ಒಂದು ಲ್ಯಾಪ್‌ಟಾಪ್’ ಅಂತ ಬಿಟ್ಟು ಹೊಸದನ್ನು ಲೆಕ್ಕಕ್ಕೆ ಹಿಡಿದಿದ್ದರೆ ಏನಾಗುತ್ತಿತ್ತು? 95,000ಕ್ಕೆ 1,10,000 ಸೇರಿ 2,05,000. ಅದರಲ್ಲಿ 50,000 ಕಳೆದರೆ 1,55,000. ಸುಂಕ 59,675 ರೂಪಾಯಿ. ಕೌಂಟರಿನಲ್ಲಿ ಹಾಗೆ ಆಗುವುದೂ ಉಂಟು. ಪ್ರಯಾಣಿಕರು ಬಾಯಿ ಬಿಡದೆ ನಿಂತರೆ ಕಣ್ಣಿಗೆ ಮೊದಲು ಕಂಡ ಲ್ಯಾಪ್‌ಟಾಪನ್ನು ಫ್ರೀ ಅಂತ ಪಕ್ಕಕ್ಕೆ ಇಟ್ಟು, ಮುಂದಿನದಕ್ಕೆ ಬೆಲೆ ಕಟ್ಟಲು ಶುರು ಮಾಡುತ್ತಾರೆ. ಯಾವುದಕ್ಕೆ ಲ್ಯಾಪ್‌ಟಾಪ್ ವಿನಾಯಿತಿ ಬೇಕು ಅಂತ ನೀವೇ ಹೇಳಬೇಕು, ಡಿಕ್ಲರೇಶನ್ನಿನಲ್ಲೂ ಹಾಗೇ ಬರೆಯಬೇಕು.

ಆದರೆ ನಿಮ್ಮ ವಿಷಯದಲ್ಲಿ ಸರಿಯಾದ ಲೆಕ್ಕ 28,875ಕ್ಕಿಂತಲೂ ಕಡಿಮೆ. ಹಳೆ ಲ್ಯಾಪ್‌ಟಾಪ್ ಇಲ್ಲಿಂದಲೇ ಹೋದದ್ದು ಅಂತ ಸಾಬೀತಾಗಿದ್ದರೆ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಆಗ 95,000ದಲ್ಲಿ 50,000 ಕಳೆದು 45,000. ಅದಕ್ಕೆ ಸುಂಕ 17,325. ನೀವು ಜಾಸ್ತಿ ಕಟ್ಟಿದ್ದು 11,550 ರೂಪಾಯಿ. ಒಂದು ಕಾಗದ ಕೈಯಲ್ಲಿ ಇಲ್ಲದ್ದಕ್ಕೆ ಇಷ್ಟು ಹೋಯಿತು. ಆ ಕಾಗದದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಲ್ಯಾಪ್‌ಟಾಪ್ ಸವಲತ್ತು ಏನು ಅಂತ ಸರಿಯಾಗಿ ತಿಳಿದುಕೊಳ್ಳಿ, ಯಾಕೆಂದರೆ ಗೊಂದಲ ಶುರುವಾಗುವುದೇ ಇಲ್ಲಿಂದ. 50,000ದ ವಿನಾಯಿತಿ ಬೇರೆ, ಲ್ಯಾಪ್‌ಟಾಪ್ ವಿನಾಯಿತಿ ಬೇರೆ. ಲ್ಯಾಪ್‌ಟಾಪಿನದು 2004ರ ಜನವರಿಯಲ್ಲಿ ಹೊರಡಿಸಿದ ಒಂದು ಪ್ರತ್ಯೇಕ ಅಧಿಸೂಚನೆಯಿಂದ ಬಂದದ್ದು. 18 ತುಂಬಿದ ಪ್ರಯಾಣಿಕರು ಬ್ಯಾಗೇಜಿನಲ್ಲಿ ತರುವ ಒಂದು ಲ್ಯಾಪ್‌ಟಾಪಿಗೆ ಸುಂಕವಿಲ್ಲ, ವಿಮಾನದ ಸಿಬ್ಬಂದಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಅದರಲ್ಲಿ ಬೆಲೆಯ ಮಿತಿ ಹಾಕಿಲ್ಲ. 40,000ದ್ದಾದರೂ ಒಂದೇ, ಮೂರು ಲಕ್ಷದ್ದಾದರೂ ಒಂದೇ. ಹೊಸದು ಹಳೆಯದು ಅನ್ನೋ ಭೇದವೂ ಇಲ್ಲ, ಸೀಲ್ ಒಡೆಯದ ಡಬ್ಬಿಯಲ್ಲಿ ಇದ್ದರೂ ಸರಿ. ಅದರ ಬೆಲೆ ನಿಮ್ಮ 50,000ವನ್ನು ಮುಟ್ಟುವುದೂ ಇಲ್ಲ.

ಎರಡನೆಯ ಲ್ಯಾಪ್‌ಟಾಪ್‌ಗೆ ಈ ಭಾಗ್ಯ ಇಲ್ಲ. ಹಾಗಂತ ಅದರ ಪೂರ್ತಿ ಬೆಲೆಗೆ ಸುಂಕ ಬೀಳುತ್ತದೆ ಅಂತಲೂ ಅಲ್ಲ. ಅದು ಫೋನ್, ವಾಚಿನ ಥರ ಸಾಮಾನ್ಯ ವಸ್ತುವಾಗಿ 50,000ದ ಲೆಕ್ಕದೊಳಗೆ ಬರುತ್ತದೆ, ಅಷ್ಟೆ. ಟ್ಯಾಬ್ಲೆಟ್ ತರುವವರು ಇಲ್ಲಿ ಎಡವುತ್ತಿದ್ದರು. ಕೀಬೋರ್ಡ್ ಸಿಕ್ಕಿಸಿದ ಮಾತ್ರಕ್ಕೆ ಟ್ಯಾಬ್ಲೆಟ್ ಲ್ಯಾಪ್‌ಟಾಪ್ ಆಗುತ್ತಿರಲಿಲ್ಲ. 2004ರ ಆ ಅಧಿಸೂಚನೆಯಲ್ಲಿ ಇದ್ದದ್ದು ಲ್ಯಾಪ್‌ಟಾಪ್ ಅಥವಾ ನೋಟ್‌ಬುಕ್ ಕಂಪ್ಯೂಟರ್ ಮಾತ್ರ. ಮಾನಿಟರ್, ಗೇಮಿಂಗ್ ಕನ್ಸೋಲ್ ಎಲ್ಲ ಸಾಮಾನ್ಯ ಲೆಕ್ಕಕ್ಕೇ.

ಇನ್ನು ಉಡುಗೊರೆ. ನಮ್ಮ ಜನರಲ್ಲಿ ಒಂದು ನಂಬಿಕೆ ಇದೆ: ಮಾರಲು ತಂದದ್ದಕ್ಕೆ ಸುಂಕ, ಮನೆಯವರಿಗೆ ಪ್ರೀತಿಯಿಂದ ತಂದದ್ದಕ್ಕೆ ಇಲ್ಲ ಅಂತ. ಕಾನೂನಿನ ನೋಟವೇ ಬೇರೆ. ಮಾರಲು ತಂದದ್ದನ್ನು ಅದು ಬ್ಯಾಗೇಜ್ ಅಂತ ಒಪ್ಪುವುದೇ ಇಲ್ಲ, ಅದು ವ್ಯಾಪಾರದ ಆಮದು. 1962ರ ಕಸ್ಟಮ್ಸ್ ಕಾಯ್ದೆಯ 79ನೇ ಸೆಕ್ಷನ್ ಪ್ರಯಾಣಿಕರ ಸ್ವಂತ ಬಳಕೆಯ, ಮನೆಯವರ ಬಳಕೆಯ, ಉಡುಗೊರೆಯ, ನೆನಪಿನ ಕಾಣಿಕೆಯ ವಸ್ತುಗಳನ್ನೇ ‘ಪ್ರಾಮಾಣಿಕ ಬ್ಯಾಗೇಜ್’ ಅಂತ ಕರೆದು, ಒಂದು ಬೆಲೆಯ ಮಿತಿಯವರೆಗೆ ಸುಂಕ ಬಿಡುತ್ತದೆ. ಅಂದರೆ 50,000ದ ವಿನಾಯಿತಿ ಇರುವುದೇ ಉಡುಗೊರೆಗಳಿಗಾಗಿ. ಅದರ ಮೇಲೆ ಉಡುಗೊರೆಗೆ ಅಂತ ಇನ್ನೊಂದು ಮಿತಿ ಇಲ್ಲ. ಯಾರಿಗೆ ಕೊಡುತ್ತೀರಿ, ಅಪ್ಪನಿಗೋ ಅತ್ತಿಗೆಗೋ ಅನ್ನೋದರಿಂದ ಲೆಕ್ಕ ಬದಲಾಗುವುದಿಲ್ಲ. ಅಲ್ಲಿನ ನೆಂಟರು ನಿಮಗೆ ಕೊಟ್ಟ ಉಡುಗೊರೆಯೂ ಇದೇ ಮಿತಿಯೊಳಗೆ. ‘ಇದನ್ನು ನಾನು ಕೊಂಡಿಲ್ಲ, ಕೊಟ್ಟರು’ ಅಂದರೆ ಬೆಲೆ ಸೊನ್ನೆ ಆಗುವುದಿಲ್ಲ. ಬಿಲ್ ಇಲ್ಲದಿದ್ದರೆ ಅಧಿಕಾರಿ ಇಂಟರ್ನೆಟ್ಟಿನಲ್ಲಿ ಆ ಮಾಡೆಲ್ಲಿನ ಬೆಲೆ ಹುಡುಕಿ ಹಾಕುತ್ತಾರೆ, ಅದು ನೀವು ಆಫರಿನಲ್ಲಿ ಕೊಂಡ ಬೆಲೆಗಿಂತ ಜಾಸ್ತಿಯೇ ಇರಬಹುದು. ಬಿಲ್ ಇಟ್ಟುಕೊಂಡು ಬಂದದ್ದು ಒಳ್ಳೆಯದಾಯಿತು.

ನಿಮ್ಮ ಬಟ್ಟೆಬರೆ, ಕೈಗೆ ಕಟ್ಟಿಕೊಂಡ ವಾಚು, ನೀವೇ ಬಳಸುತ್ತಿದ್ದ ಫೋನು ಇದ್ಯಾವುದನ್ನೂ ಅವರು ಲೆಕ್ಕಕ್ಕೆ ಹಿಡಿದಿಲ್ಲ ನೋಡಿ. ಬಳಸಿದ ಸ್ವಂತ ಸಾಮಾನು 50,000ದ ಹೊರಗೇ ಬಿಟ್ಟುಹೋಗುತ್ತದೆ. ಇದನ್ನೇ ನೆಪ ಮಾಡಿಕೊಂಡು ಹೊಸ ಫೋನಿನ ಡಬ್ಬಿ ಎಸೆದು, ಸಿಮ್ ಹಾಕಿ ‘ನನ್ನದೇ’ ಅನ್ನುವವರಿಗೇನೂ ಕಮ್ಮಿ ಇಲ್ಲ. ಕೌಂಟರಿನಲ್ಲಿ ದಿನವೂ ಅದನ್ನೇ ನೋಡುವವರಿಗೆ ಎರಡನೇ ಫೋನ್ ಕಂಡ ತಕ್ಷಣ ಗೊತ್ತಾಗುತ್ತದೆ. ಸೆಟ್ಟಿಂಗಿನಲ್ಲಿ ವಾರಂಟಿ ಯಾವಾಗ ಶುರುವಾಯಿತು ಅಂತ ನೋಡಿದರೆ ಕಥೆ ಮುಗಿಯಿತು. ಸುಂಕದ ಮಾತು ಅಲ್ಲಿಗೆ ನಿಂತು ಸುಳ್ಳು ಡಿಕ್ಲರೇಶನ್ನಿನ ಮಾತು ಶುರುವಾಗುತ್ತದೆ.

ಈಗ ನಿಮ್ಮ ಮೂರನೇ ಪ್ರಶ್ನೆ, ಮೂರು ಜನದ ಒಂದೂವರೆ ಲಕ್ಷ. ಇದು ಆಗುವುದಿಲ್ಲ. ಒಬ್ಬರ ವಿನಾಯಿತಿಯನ್ನು ಇನ್ನೊಬ್ಬರದರ ಜೊತೆ ಕೂಡಿಸುವಂತಿಲ್ಲ ಅಂತ ನಿಯಮದಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ. ಗಂಡ ಹೆಂಡತಿಯಾದರೂ ಅಷ್ಟೆ. ನಿಮ್ಮ ಬ್ಯಾಗಿನಿಂದ ಎಲ್ಲವೂ ಹೊರಗೆ ಬಂದು, ಎಲ್ಲದರ ಬಿಲ್ಲೂ ನಿಮ್ಮ ಹೆಸರಿನಲ್ಲೇ ಇದ್ದು, ಬೆಲೆ ಕಟ್ಟಿದ ಮೇಲೆ ‘ಇವರದೂ 50,000 ಇದೆಯಲ್ಲ, ಅದರಲ್ಲಿ ಹಾಕಿ’ ಅಂದರೆ ಒಪ್ಪುವುದಿಲ್ಲ. ಒಂದೇ ವಸ್ತುವನ್ನು ಇಬ್ಬರ ತಲೆಗೆ ಹಂಚುವುದಕ್ಕೂ ಆಗುವುದಿಲ್ಲ. 62,000ದ ಫೋನ್ ಅರ್ಧ ನಿಮ್ಮದು ಅರ್ಧ ಅವರದು ಅನ್ನುವಂತಿಲ್ಲ.

ಆದರೆ ಗಮನಿಸಿ, ನಿಯಮ ಬೇಡ ಅನ್ನುವುದು ಕೂಡಿಸುವುದನ್ನು. ನಿಮ್ಮ ಯಜಮಾನರು ತಾವೇ ಕೊಂಡು, ತಮ್ಮ ಬ್ಯಾಗಿನಲ್ಲಿ ತಂದು, ತಮ್ಮ ಹೆಸರಿನಲ್ಲಿ ಡಿಕ್ಲೇರ್ ಮಾಡಿದ ವಸ್ತುವಿಗೆ ಅವರ ವಿನಾಯಿತಿ ಸಿಕ್ಕೇ ಸಿಗುತ್ತದೆ. ಅವರು ಕೈ ಬೀಸಿಕೊಂಡು ಬಂದದ್ದರಿಂದ ಅವರ ಪಾಲಿನ 50,000 ಮತ್ತು ಅವರ ಪಾಲಿನ ಒಂದು ಲ್ಯಾಪ್‌ಟಾಪ್ ಎರಡೂ ಸುಮ್ನೆ ವ್ಯರ್ಥವಾದವು. ಅದೇ ಸಾಮಾನನ್ನು ಬೇರೆ ಥರ ತಂದಿದ್ದರೆ ಹೇಗಿರುತ್ತಿತ್ತು ನೋಡೋಣ. ತಮ್ಮನ ಹೊಸ ಲ್ಯಾಪ್‌ಟಾಪನ್ನು ಯಜಮಾನರು ಕೊಂಡು ತಂದರು ಅಂತಿಟ್ಟುಕೊಳ್ಳಿ. ಅದು ಅವರ ‘ಒಂದು ಲ್ಯಾಪ್‌ಟಾಪ್’. ನಿಮ್ಮ ಹಳೆಯದು ನಿಮ್ಮ ‘ಒಂದು ಲ್ಯಾಪ್‌ಟಾಪ್’, ಅದರ ಕಾಗದ ಇರಲಿ ಬಿಡಲಿ ಯಾರೂ ಕೇಳುವುದಿಲ್ಲ. ವಾಚು, ಸೆಂಟು, ಚಾಕೊಲೇಟ್ ಸೇರಿ 33,000 ಅವರ ಕಡೆ, ಮಿತಿಯೊಳಗೇ ಆಯಿತು. ನಿಮ್ಮ ಕಡೆ ಫೋನ್ ಒಂದೇ, 62,000. ಮಿತಿ ಮೀರಿದ್ದು 12,000 ಮಾತ್ರ. ಸುಂಕ 4,620 ರೂಪಾಯಿ. 28,875 ಎಲ್ಲಿ, 4,620 ಎಲ್ಲಿ!

ಇದರಲ್ಲಿ ಕಳ್ಳತನ ಏನೂ ಇಲ್ಲ. ಆದರೆ ಇದನ್ನು ತೀರ್ಮಾನ ಮಾಡಬೇಕಾದದ್ದು ಸಿಂಗಪುರದ ಅಂಗಡಿಯಲ್ಲಿ, ಬೆಂಗಳೂರಿನ ಬೆಲ್ಟಿನ ಹತ್ತಿರ ಅಲ್ಲ. ಬಿಲ್ಲಿನ ಮೇಲೆ ಅವರ ಹೆಸರು ಇರಲಿ, ಅವರ ಕಾರ್ಡಿನಿಂದ ದುಡ್ಡು ಹೋಗಿರಲಿ, ಸಾಮಾನು ಅವರ ಬ್ಯಾಗಿನಲ್ಲಿ ಇರಲಿ, ಡಿಕ್ಲರೇಶನ್ ಇಬ್ಬರೂ ಬೇರೆ ಬೇರೆ ಮಾಡಿ. ಸಾಮಾನು ಬ್ಯಾಗಿನಿಂದ ಬ್ಯಾಗಿಗೆ ಬೆಲ್ಟಿನ ಪಕ್ಕದಲ್ಲೇ ಜಿಗಿಯುವುದನ್ನು ಅಧಿಕಾರಿಗಳು ನೋಡಿದರೆ, ಇದ್ದ ಸದ್ಭಾವನೆಯೂ ಹೋಗುತ್ತದೆ.

ಮಗಳ ವಿಷಯ ಹೇಳಿಬಿಡುತ್ತೇನೆ. 9 ವರ್ಷದವಳಿಗೆ ಲ್ಯಾಪ್‌ಟಾಪ್ ಸವಲತ್ತು ಇಲ್ಲ, ಅದಕ್ಕೆ 18 ತುಂಬಲೇಬೇಕು. ಸಾಮಾನ್ಯ ವಿನಾಯಿತಿ ಅವಳಿಗೂ ಇದೆ, ಎರಡು ವರ್ಷದೊಳಗಿನ ಕೂಸಿಗೆ ಮಾತ್ರ ಬಳಸಿದ ಸಾಮಾನಿಗಷ್ಟೇ. ಆದರೆ ಅವಳ ಹೆಸರಿನಲ್ಲಿ 62,000ದ ಫೋನ್ ತೋರಿಸಿದರೆ ‘ಇದು ಮಗುವಿನ ಬ್ಯಾಗೇಜಾ?’ ಅಂತ ಕೇಳುವುದು ಸಹಜ. ಅವಳ ಆಟದ ಸಾಮಾನು, ಅವಳ ಬಟ್ಟೆ ಅವಳ ಲೆಕ್ಕದಲ್ಲಿ ಇರಲಿ, ಅಷ್ಟು ಸಾಕು.

ಈಗ ಆ ಕಾಗದ. ಇಲ್ಲಿಂದ ತೆಗೆದುಕೊಂಡು ಹೋಗುವ ಬೆಲೆಬಾಳುವ ವಸ್ತುವಿಗೆ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಂದ ಒಂದು ಸರ್ಟಿಫಿಕೇಟ್ ಮಾಡಿಸಿಕೊಳ್ಳಬಹುದು. ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಅಂತಾರೆ. ವಸ್ತುವನ್ನು ಎದುರಿಗೆ ಇಟ್ಟರೆ ಅದರ ಕಂಪನಿ, ಮಾಡೆಲ್, ಸೀರಿಯಲ್ ನಂಬರ್ ಬರೆದು, ಸಹಿ ಸೀಲು ಹಾಕಿ ಕೊಡುತ್ತಾರೆ. ವಾಪಸ್ ಬಂದಾಗ ಅದನ್ನು ತೋರಿಸಿದರೆ ಆ ವಸ್ತು ಲೆಕ್ಕದಿಂದ ಆಚೆ. ವಸ್ತುವನ್ನು ಕಣ್ಣಾರೆ ನೋಡದೆ ಅವರು ಬರೆದುಕೊಡುವುದಿಲ್ಲ. ಆದ್ದರಿಂದ ದೊಡ್ಡ ಕ್ಯಾಮೆರಾ, ಒಡವೆ ಇತ್ಯಾದಿಯನ್ನು ಚೆಕ್-ಇನ್ ಬ್ಯಾಗಿನೊಳಗೆ ಹಾಕಿ ಕಳಿಸಿದ ಮೇಲೆ ಕೌಂಟರ್ ಹುಡುಕಿಕೊಂಡು ಹೋದರೆ ಉಪಯೋಗವಿಲ್ಲ. ಮೊದಲೇ ವಿಚಾರಿಸಿ, ಸ್ವಲ್ಪ ಬೇಗ ಹೋಗಿ.

ಒಂದೇ ಹಳೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಅದೊಂದನ್ನೇ ತರುವವರಿಗೆ ಇದರ ಅಗತ್ಯವೇ ಬೀಳುವುದಿಲ್ಲ. ಎರಡನೆಯದು ಕೈಗೆ ಬಂದಾಗಲೇ ಹಳೆಯದರ ಹುಟ್ಟೂರು ಯಾವುದು ಅನ್ನೋ ಪ್ರಶ್ನೆ ಏಳುವುದು. ಸರ್ಟಿಫಿಕೇಟ್ ಇಲ್ಲದಿದ್ದರೆ ಮುಂದಿನ ಒಳ್ಳೆಯ ಸಾಕ್ಷಿ ಇಲ್ಲಿನ ಜಿಎಸ್‌ಟಿ ಬಿಲ್. ಅದರಲ್ಲಿ ಸೀರಿಯಲ್ ನಂಬರ್ ಇದ್ದು, ಯಂತ್ರದ ಮೇಲಿನ ನಂಬರಿಗೆ ತಾಳೆಯಾಗಬೇಕು. ಬರೀ ‘ಲ್ಯಾಪ್‌ಟಾಪ್ ಒಂದು’ ಅಂತ ಇರುವ ಬಿಲ್ಲಿಗೆ ತೂಕ ಕಡಿಮೆ. ಬಿಲ್ಲನ್ನು ಇಮೇಲಿನಲ್ಲಿ ಹುಡುಕಿ ಫೋನಿನಲ್ಲಿ ಇಟ್ಟುಕೊಂಡರೆ ಸಾಕು. ಆಫೀಸಿನ ಲ್ಯಾಪ್‌ಟಾಪ್ ಆದರೆ, ಸೀರಿಯಲ್ ನಂಬರ್ ಹಾಕಿ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ತೆಗೆದುಕೊಂಡು ಹೋಗಿ. ಕಾನೂನಿನಲ್ಲಿ ಅದು ಕಡ್ಡಾಯವೇನಲ್ಲ, ಆದರೆ ಕೌಂಟರಿನಲ್ಲಿ ಕೆಲಸಕ್ಕೆ ಬರುತ್ತದೆ.

ನಿಮ್ಮ ಹತ್ತಿರ ಇದ್ಯಾವುದೂ ಇರಲಿಲ್ಲ ಅಂತ ಕಾಣುತ್ತದೆ. ‘ಬೆಂಗಳೂರಿನಲ್ಲಿ ಕೊಂಡದ್ದು’ ಅನ್ನೋ ಬಾಯಿ ಮಾತನ್ನು ಎಷ್ಟೋ ಅಧಿಕಾರಿಗಳು ಒಪ್ಪಿ ಬಿಡುತ್ತಾರೆ, ಅದರಲ್ಲೂ ಲ್ಯಾಪ್‌ಟಾಪ್ ನೋಡಿದರೇ ಹಳೆಯದು ಅಂತ ಗೊತ್ತಾಗುವ ಹಾಗಿದ್ದರೆ. ನಿಮಗೆ ಸಿಕ್ಕವರು ಒಪ್ಪಲಿಲ್ಲ. 30,000 ಅನ್ನೋದು ಅವರ ಅಂದಾಜು ಬೆಲೆ. ಆಗಲೇ ‘ಹಳೆಯದನ್ನು ಯಾಕೆ ಸೇರಿಸಿದ್ದೀರಿ?’ ಅಂತ ಕೇಳಿ, ಅಲ್ಲೇ ಇಮೇಲ್ ತೆರೆದು ಬಿಲ್ ತೋರಿಸಿದ್ದರೆ ಬಹುಶಃ ಮಾತು ಮುಗಿಯುತ್ತಿತ್ತು. ದುಡ್ಡು ಕಟ್ಟುವ ಮುಂಚೆ ಯಾವ ವಸ್ತುವಿಗೆ ಎಷ್ಟು ಬೆಲೆ ಹಿಡಿದಿದ್ದೀರಿ ಅಂತ ಕೇಳುವ ಹಕ್ಕು ನಿಮಗಿದೆ. ರಾತ್ರಿ ಎರಡು ಗಂಟೆಗೆ ಮಗು ಅಳುತ್ತಿರುವಾಗ ಅದು ನೆನಪಾಗುವುದಿಲ್ಲ, ನಿಜ.

ಆ 11,550 ವಾಪಸ್ ಬರುತ್ತದಾ ಅಂದರೆ, ಈಗ ಕಷ್ಟ. ಸುಂಕ ನಿರ್ಧಾರದ ವಿರುದ್ಧ ಕಸ್ಟಮ್ಸ್ ಕಮಿಷನರ್ ಅವರಿಗೆ ಅಪೀಲು ಹಾಕಲು ಆದೇಶ ಕೈಗೆ ಬಂದ ದಿನದಿಂದ 60 ದಿನ ಇರುತ್ತದೆ. ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಇನ್ನೊಂದು 30 ದಿನ. ನವೆಂಬರ್ ಮೊದಲ ವಾರದ ರಸೀದಿಗೆ ಅದು ಮುಗಿದಿದೆ. ಒಂದು ವರ್ಷದೊಳಗೆ ರೀಫಂಡ್ ಕೇಳಬಹುದು ಅಂತ 27ನೇ ಸೆಕ್ಷನ್ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. 2019ರಲ್ಲಿ ಐಟಿಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ದಾರಿಯನ್ನು ಬಿಗಿ ಮಾಡಿದೆ: ಸುಂಕ ನಿರ್ಧಾರವನ್ನೇ ಮೊದಲು ಅಪೀಲಿನಲ್ಲೋ ಬೇರೆ ಕಾನೂನು ಕ್ರಮದಲ್ಲೋ ಬದಲಾಯಿಸಿಕೊಳ್ಳದೆ ಬರೀ ರೀಫಂಡ್ ಕೇಳುವಂತಿಲ್ಲ ಅಂತ. ವಕೀಲರ ಖರ್ಚು ಲೆಕ್ಕ ಹಾಕಿದರೆ ಈ ಮೊತ್ತಕ್ಕೆ ಓಡಾಡುವುದು ದಂಡ. ನನ್ನನ್ನು ಕೇಳಿದರೆ ಬಿಟ್ಟುಬಿಡಿ. ಆದರೆ ಆ ರಸೀದಿಯನ್ನು ಎಸೆಯಬೇಡಿ. ಮುಂದಿನ ಸಲ ಅದೇ ಲ್ಯಾಪ್‌ಟಾಪ್ ಹಿಡಿದು ಬಂದಾಗ, ಅದಕ್ಕೆ ಒಮ್ಮೆ ಸುಂಕ ಆಗಿದೆ ಅಂತ ಹೇಳಲು ಅದು ಬೇಕಾಗುತ್ತದೆ.

ರೆಡ್ ಚಾನೆಲ್‌ಗೆ ನೀವಾಗಿಯೇ ಹೋದದ್ದರಿಂದ ಏನು ಉಳಿಯಿತು ಅನ್ನೋದನ್ನೂ ಹೇಳಬೇಕು, ಯಾಕೆಂದರೆ ಈ ಲೆಕ್ಕ ನೋಡಿ ‘ಸುಮ್ನೆ ಗ್ರೀನ್‌ನಲ್ಲಿ ಹೋಗಿದ್ದರೆ ಆಗ್ತಿತ್ತು’ ಅಂತ ಅನ್ನಿಸಬಹುದು. ಗ್ರೀನ್ ಚಾನೆಲ್‌ನಲ್ಲಿ ನಡೆಯುವುದು ಅಂದರೆ ‘ನನ್ನ ಹತ್ತಿರ ಸುಂಕದ ವಸ್ತು ಏನೂ ಇಲ್ಲ’ ಅಂತ ಹೇಳಿದ ಹಾಗೆ. ಎಕ್ಸ್‌ರೇಯಲ್ಲಿ ಎರಡು ಲ್ಯಾಪ್‌ಟಾಪ್, ಮೂರು ಫೋನ್ ಕಂಡು ನಿಲ್ಲಿಸಿದರೆ ಸುಂಕದ ಜೊತೆಗೆ ಬೇರೆ ಬಾಬ್ತುಗಳು ಏಳುತ್ತವೆ. 111ನೇ ಸೆಕ್ಷನ್ನಿನ ಪ್ರಕಾರ ವಸ್ತುವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಬಿಡಿಸಿಕೊಳ್ಳಬೇಕೆಂದರೆ 125ನೇ ಸೆಕ್ಷನ್ನಿನ ದಂಡ ಕಟ್ಟಬೇಕು, ಅದು ವಸ್ತುವಿನ ಮಾರುಕಟ್ಟೆ ಬೆಲೆಯಲ್ಲಿ ಸುಂಕ ಕಳೆದು ಉಳಿದಷ್ಟರವರೆಗೂ ಹೋಗಬಹುದು. ಸುಂಕ ಅದರ ಮೇಲೆ ಬೇರೆ. 112ನೇ ಸೆಕ್ಷನ್ನಿನಲ್ಲಿ ನಿಮ್ಮ ಮೇಲೆ ವೈಯಕ್ತಿಕ ಪೆನಾಲ್ಟಿ ಮತ್ತೆ ಬೇರೆ. 62,000ದ ಫೋನಿಗೆ ಅದರ ಬೆಲೆಯ ಹತ್ತಿರ ಹತ್ತಿರ ಮತ್ತೊಮ್ಮೆ ಕಟ್ಟುವ ಪರಿಸ್ಥಿತಿ ಬರಬಹುದು. ಅಲ್ಲಿಯೇ ದುಡ್ಡು ಹೊಂದಿಸಲು ಆಗದಿದ್ದರೆ ವಸ್ತುವನ್ನು ಇಟ್ಟುಕೊಂಡು ರಸೀದಿ ಕೊಡುತ್ತಾರೆ, ಆಮೇಲೆ ಬಂದು ಕಟ್ಟಿ ಬಿಡಿಸಿಕೊಳ್ಳಬೇಕು.

ಮುಂದಿನ ಸಲಕ್ಕೆ ನಿಮಗೊಂದು ಸಮಾಧಾನದ ಸುದ್ದಿ. 2026ರ ಫೆಬ್ರವರಿ 2ರಿಂದ ಹೊಸ ಬ್ಯಾಗೇಜ್ ನಿಯಮಗಳು ಬಂದಿವೆ. ಇಲ್ಲಿ ನೆಲೆಸಿರುವವರಿಗೆ ಸಾಮಾನ್ಯ ವಿನಾಯಿತಿ 50,000ದಿಂದ 75,000ಕ್ಕೆ ಏರಿದೆ. 18 ತುಂಬಿದವರಿಗೆ ಒಂದು ಲ್ಯಾಪ್‌ಟಾಪ್ ಫ್ರೀ ಅನ್ನೋದು ಹಾಗೇ ಇದೆ. ನಿಮ್ಮದೇ ಸಾಮಾನನ್ನು ಈ ಮಿತಿಗೆ ಹಾಕಿ ನೋಡಿ. ಹಳೆ ಲ್ಯಾಪ್‌ಟಾಪಿನ ಕಾಗದ ಕೈಯಲ್ಲಿದ್ದು, ಎಲ್ಲವನ್ನೂ ನೀವೊಬ್ಬರೇ ತಂದರೆ 95,000ದಲ್ಲಿ 75,000 ಕಳೆದು 20,000 ಉಳಿಯುತ್ತದೆ. 38.5ರ ದರದಲ್ಲಿ ಸುಂಕ 7,700. ಯಜಮಾನರು ಲ್ಯಾಪ್‌ಟಾಪು, ವಾಚು, ಸೆಂಟು ತಮ್ಮ ಪಾಲಿಗೆ ಕೊಂಡು ತಂದು, ಫೋನ್ ಒಂದು ನಿಮ್ಮ ಬಳಿ ಇದ್ದರೆ ಇಬ್ಬರದೂ ಮಿತಿಯೊಳಗೆ. ಕಟ್ಟುವುದೇನೂ ಇಲ್ಲ, ಗ್ರೀನ್ ಚಾನೆಲ್‌ನಲ್ಲಿ ನೆಮ್ಮದಿಯಾಗಿ ನಡೆಯಬಹುದು.

ರೂಪಾಯಿ ಲೆಕ್ಕ ಹಾಕುವಾಗ ಒಂದನ್ನು ನೆನಪಿಡಿ. ಸಿಂಗಪುರ ಡಾಲರಿನ ಬಿಲ್ಲನ್ನು ಅಧಿಕಾರಿ ರೂಪಾಯಿಗೆ ತಿರುಗಿಸುವುದು ಕಸ್ಟಮ್ಸ್‌ನವರೇ ಪ್ರಕಟಿಸುವ ಆಮದು ದರದಲ್ಲಿ, ನಿಮ್ಮ ಕಾರ್ಡಿನವರು ಹಾಕಿದ ದರದಲ್ಲಿ ಅಲ್ಲ. ಎರಡಕ್ಕೂ ಸ್ವಲ್ಪ ವ್ಯತ್ಯಾಸ ಇರುತ್ತದೆ. 74,800ಕ್ಕೆ ಬಂದು ನಿಂತಿದೆ ಅಂತ ಖುಷಿಪಟ್ಟು ಗ್ರೀನ್ ಚಾನೆಲ್ ಹಿಡಿದವರ ಸಾಮಾನು ಅಲ್ಲಿನ ದರದಲ್ಲಿ 75,000 ದಾಟಿರಬಹುದು. ಅಂಚಿಗೆ ಬಂದಿದೆ ಅನ್ನಿಸಿದರೆ ರೆಡ್ ಚಾನೆಲ್‌ಗೆ ಹೋಗಿ ಬಿಲ್ ತೋರಿಸಿ. ಇನ್ನೂರು ರೂಪಾಯಿ ಮೀರಿದ್ದರೆ ಸುಂಕ ಬೀಳುವುದು ಆ ಇನ್ನೂರಕ್ಕೆ ಮಾತ್ರ, 77 ರೂಪಾಯಿ. ಮನೆಯಿಂದಲೇ ಡಿಕ್ಲರೇಶನ್ ತುಂಬಬೇಕೆಂದಿದ್ದರೆ ಕಸ್ಟಮ್ಸ್‌ನವರ ಅತಿಥಿ ಆ್ಯಪ್ ಇದೆ, ವಿಮಾನ ಹತ್ತುವ ಮುಂಚೆಯೇ ತುಂಬಿಕೊಳ್ಳಬಹುದು.

ತಮ್ಮನಿಗೆ ಈ ಸಲ ಟಿವಿ ತರುತ್ತೇನೆ ಅಂತ ಏನಾದರೂ ಮಾತು ಕೊಟ್ಟಿದ್ದರೆ ವಾಪಸ್ ತೆಗೆದುಕೊಳ್ಳಿ. ಎಲ್‌ಇಡಿ, ಎಲ್‌ಸಿಡಿ ಥರದ ಚಪ್ಪಟೆ ಟಿವಿಯನ್ನು 2013ರ ಆಗಸ್ಟ್‌ನಲ್ಲೇ ವಿನಾಯಿತಿಯಿಂದ ಹೊರಗಿಟ್ಟರು. ಅದಕ್ಕೆ ಮೊದಲ ರೂಪಾಯಿಯಿಂದಲೇ ಸುಂಕ, ನಿಮ್ಮ ಮಿತಿ ಪೂರ್ತಿ ಖಾಲಿ ಇದ್ದರೂ ಅದರ ನೆರವು ಸಿಗುವುದಿಲ್ಲ.